ಹಿರಿಯರ ಕೈಯಲ್ಲಿನ ಫೋನ್: ಸಂಘದ ಸಂಜೆಗೊಂದು ಪಾಠ

ಬಡಾವಣೆಯ ನಿವಾಸಿಗಳ ಸಂಘದಲ್ಲಿ ಹಿರಿಯರಿಗೆ ಫೋನ್ ಸುರಕ್ಷತೆ ಹೇಳಿಕೊಡುವ ಭಾಷಣಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಬೇಕಿಲ್ಲ. ಅಷ್ಟರಲ್ಲಿ ಮೋಸದ ಎಲ್ಲ ಬಗೆಗಳನ್ನೂ ಹೆಸರಿಸಹೊರಟರೆ ಕೇಳುವವರಿಗೆ ಉಳಿಯುವುದು ಭಯವೊಂದೇ. ಮೋಸದ ವೇಷ ತಿಂಗಳಿಗೊಮ್ಮೆ ಬದಲಾಗುತ್ತದೆ. ಈ ತಿಂಗಳು ಕೊರಿಯರ್ ಕಂಪನಿ, ಮುಂದಿನ ತಿಂಗಳು ಕರೆಂಟ್ ಬಿಲ್, ಆಮೇಲೆ ಪಿಂಚಣಿಯ ಜೀವಂತ ಪ್ರಮಾಣಪತ್ರ. ವೇಷ ಎಷ್ಟೇ ಬದಲಾದರೂ ವಂಚಕ ಹಣದ ಹತ್ತಿರ ಬರುವ ದಾರಿಗಳು ಕೆಲವೇ. ಮಾತಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಪಿನ್ ಒತ್ತಿಸುವುದು, ಫೋನಿನೊಳಗೆ ಏನನ್ನಾದರೂ ಹಾಕಿಸುವುದು. ಈ ಮೂರು ದಾರಿಗಳಿಗೆ ಮೂರು ಅಭ್ಯಾಸ, ಹಣ ಹೋಗುವುದಿದ್ದರೂ ಹೆಚ್ಚು ಹೋಗದಂತೆ ಒಂದು, ಹೋದ ಮೇಲೆ ಮಾಡಬೇಕಾದದ್ದು ಒಂದು. ಭಾಷಣದ ಐದು ಭಾಗಗಳೂ ಇವೇ. ಐದಕ್ಕೂ ಸಮ ಸಮಯ ಕೊಡಬೇಕಾಗಿಲ್ಲ. ಮೊದಲನೆಯದೊಂದಕ್ಕೇ ಹದಿನೈದು ನಿಮಿಷ ಹೋದರೆ ನಷ್ಟವಿಲ್ಲ, ಏಕೆಂದರೆ ನಿವೃತ್ತಿಯ ಹಣವನ್ನು ಒಟ್ಟಿಗೇ ಗುಡಿಸಿಕೊಂಡು ಹೋಗುವ ಮೋಸಗಳು ಬರುವುದು ಆ ದಾರಿಯಲ್ಲೇ.

ಮೊದಲ ಅಭ್ಯಾಸ ಕರೆ ಕಟ್ ಮಾಡುವುದು. ಕೇಳಲು ಸುಲಭ, ಆದರೆ ಹಿರಿಯರಿಗೆ ನಿಜಕ್ಕೂ ಕಷ್ಟವಾಗುವುದು ಇದೇ. ಮಾತನಾಡುತ್ತಿರುವವರ ಮುಖಕ್ಕೆ ಹೊಡೆದಂತೆ ಫೋನ್ ಇಡುವುದು ಅಸಭ್ಯತೆ ಎಂದು ಬೆಳೆದ ತಲೆಮಾರು ಅದು. ವಂಚಕರಿಗೆ ಈ ಸಂಕೋಚ ಚೆನ್ನಾಗಿ ಗೊತ್ತು. ಭಾಷಣ ಮಾಡುವವರು ಇಲ್ಲಿ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳುವುದು ಒಳ್ಳೆಯದು. ಅದಕ್ಕೆ ‘ಡಿಜಿಟಲ್ ಅರೆಸ್ಟ್’ಗಿಂತ ತಕ್ಕ ಉದಾಹರಣೆ ಇಲ್ಲ.

ಅದು ನಡೆಯುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಬೆಳಿಗ್ಗೆ ಹತ್ತರ ಸುಮಾರಿಗೆ, ಮಕ್ಕಳು ಕೆಲಸಕ್ಕೆ ಹೋದ ಮೇಲೆ, ಮುದ್ರಿತ ದನಿಯ ಕರೆಯೊಂದು ಬರುತ್ತದೆ. ಎರಡು ಗಂಟೆಯೊಳಗೆ ನಿಮ್ಮ ಸಿಮ್ ರದ್ದಾಗುತ್ತದೆ, ವಿವರಕ್ಕೆ ಒಂಬತ್ತು ಒತ್ತಿ ಎನ್ನುತ್ತದೆ. ಒತ್ತಿದರೆ ದೂರಸಂಪರ್ಕ ಇಲಾಖೆಯವನೆಂದು ಹೇಳಿಕೊಳ್ಳುವ ಒಬ್ಬ ಸಿಗುತ್ತಾನೆ. ನಿಮ್ಮ ಆಧಾರ್ ಬಳಸಿ ಮುಂಬೈಯಲ್ಲಿ ಇನ್ನೊಂದು ಸಿಮ್ ತೆಗೆದಿದ್ದಾರೆ, ಅದರ ಮೇಲೆ ದೂರು ದಾಖಲಾಗಿದೆ, ನೇರವಾಗಿ ಪೊಲೀಸರಿಗೇ ಕೊಡುತ್ತೇನೆ ಎಂದು ಬಹಳ ಸಹಾಯಕನಂತೆ ಮಾತನಾಡುತ್ತಾನೆ. ಮುಂದಿನದು ವಾಟ್ಸ್‌ಆ್ಯಪ್ ವಿಡಿಯೋ ಕರೆ. ಖಾಕಿ ತೊಟ್ಟವನೊಬ್ಬ, ಹಿಂದೆ ಗೋಡೆಯ ಮೇಲೆ ಲಾಂಛನ, ಆಗಾಗ ವೈರ್‌ಲೆಸ್ ಸದ್ದು. ಹಣ ಅಕ್ರಮ ವರ್ಗಾವಣೆಯ ಪ್ರಕರಣದಲ್ಲಿ ನಿಮ್ಮ ಹೆಸರಿದೆ ಎನ್ನುತ್ತಾನೆ. ಸಿಬಿಐ, ಇ.ಡಿ., ಸುಪ್ರೀಂ ಕೋರ್ಟಿನ ಮೊಹರುಗಳಿರುವ ಕಾಗದ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಆಮೇಲೆ ಎರಡು ಷರತ್ತು. ಕ್ಯಾಮೆರಾ ಆಫ್ ಮಾಡಬಾರದು, ಯಾರಿಗೂ ಹೇಳಬಾರದು, ಹೇಳಿದರೆ ಮಗನೂ ಪ್ರಕರಣದಲ್ಲಿ ಸೇರುತ್ತಾನೆ.

ಇಲ್ಲಿಂದ ಮುಂದೆ ಆ ಮನೆ ಜೈಲಾಗುತ್ತದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕ್ಯಾಮೆರಾದ ಮುಂದೆ ಕೂರಿಸಿ, ಯಾವ ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಬರೆಸಿಕೊಳ್ಳುತ್ತಾರೆ. ಹಣ ಅಕ್ರಮದ್ದೋ ಅಲ್ಲವೋ ಎಂದು ‘ಪರಿಶೀಲನೆ’ ಆಗಬೇಕು, ಸರ್ಕಾರದ ಖಾತೆಗೆ ಹಾಕಿ, ತನಿಖೆ ಮುಗಿದ ಮೇಲೆ ವಾಪಸ್ ಬರುತ್ತದೆ ಎನ್ನುತ್ತಾರೆ. ಠೇವಣಿ ಮುರಿಸಿ ಆರ್‌ಟಿಜಿಎಸ್ ಮಾಡಲು ಬ್ಯಾಂಕಿಗೆ ಕಳಿಸುವಾಗಲೂ ಫೋನ್ ಜೇಬಿನಲ್ಲಿ ಚಾಲೂ ಇರುತ್ತದೆ. ಮ್ಯಾನೇಜರ್ ಕೇಳಿದರೆ ಸೈಟು ಕೊಳ್ಳಲು ಎಂದು ಹೇಳುವಂತೆ ಮೊದಲೇ ಪಾಠ ಹೇಳಿರುತ್ತಾರೆ.

ಈ ಕಥೆಯನ್ನು ಹೇಳಿ ಮುಗಿಸಿದಾಗ ಸಭೆಯಲ್ಲಿ ಯಾರಾದರೂ ಕೇಳುವ ಪ್ರಶ್ನೆ, ‘ನಿಜವಾದ ಪೊಲೀಸರೇ ಆಗಿದ್ದರೆ?’ ಉತ್ತರ ನೇರವಾಗಿರಬೇಕು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸಲಾಗುವುದಿಲ್ಲ, ತನಿಖೆಗಾಗಿ ಹಣ ವರ್ಗಾಯಿಸಿ ಎಂದು ಯಾವ ಪೊಲೀಸರೂ ನ್ಯಾಯಾಲಯವೂ ಕೇಳುವುದಿಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ವಿವರಿಸಬೇಕಾಗಿ ಬಂತೆಂದರೆ ಈ ಪಿಡುಗು ಎಷ್ಟು ಹಬ್ಬಿದೆಯೆಂದು ಊಹಿಸಬಹುದು. ನಿಜವಾಗಿ ವಿಚಾರಣೆ ಇದ್ದರೆ ಅದು ಫೋನ್ ಇಟ್ಟ ಮಾತ್ರಕ್ಕೆ ಎಲ್ಲಿಗೂ ಓಡಿಹೋಗುವುದಿಲ್ಲ. ಹತ್ತಿರದ ಠಾಣೆಗೆ ಹೋಗಿ ಕೇಳಬಹುದು.

ಹಾಗಾಗಿ ಭಾಷಣದಲ್ಲಿ ಕಲಿಸಬೇಕಾದದ್ದು ಕರೆ ಸಾಚಾವೋ ಸುಳ್ಳೋ ಎಂದು ಕಂಡುಹಿಡಿಯುವ ಜಾಣತನವನ್ನಲ್ಲ. ಪರದೆಯ ಮೇಲೆ ಬ್ಯಾಂಕಿನ ಹೆಸರು ಬರಬಹುದು, ಪ್ರೊಫೈಲ್ ಚಿತ್ರದಲ್ಲಿ ಪೊಲೀಸ್ ಲಾಂಛನ ಇರಬಹುದು, ಅಪಘಾತವಾಗಿದೆ ಎಂದು ಅಳುವ ದನಿ ಮೊಮ್ಮಗನದೇ ಅನ್ನಿಸಬಹುದು. ಬ್ಯಾಂಕುಗಳ ಸೇವಾ ಕರೆಗಳಿಗೆ 1600 ಎಂದು ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಟ್ಟಿರುವುದು ಒಳ್ಳೆಯದೇ, ಆದರೂ ಅವಸರದಲ್ಲಿ ಸಂಖ್ಯೆ ಓದಿ ತೀರ್ಮಾನಿಸುವುದನ್ನು ಎಪ್ಪತ್ತೈದರ ಅಜ್ಜಿಗೆ ಕಲಿಸುವುದಕ್ಕಿಂತ ಫೋನ್ ಇಡುವುದನ್ನು ಕಲಿಸುವುದು ಮೇಲು. ಹಣ, ಬಂಧನ, ಅವಸರ, ಗುಟ್ಟು, ಈ ನಾಲ್ಕರಲ್ಲಿ ಒಂದು ಮಾತು ಬಂದರೂ ಕರೆ ಕಟ್. ಆಮೇಲೆ ತಾವೇ ಫೋನ್ ಮಾಡಿ ವಿಚಾರಿಸುವುದು. ಮಗನಿಗೆ ಮೊದಲೇ ಉಳಿಸಿಟ್ಟ ಸಂಖ್ಯೆಗೆ, ಬ್ಯಾಂಕಿಗೆ ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಬದಿಯಲ್ಲೋ ಮುದ್ರಿಸಿರುವ ಸಂಖ್ಯೆಗೆ. ಇಂಟರ್ನೆಟ್ಟಿನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿ ಸಿಕ್ಕ ಸಂಖ್ಯೆಗೆ ಮಾಡಬಾರದು. ಅಲ್ಲಿ ವಂಚಕರೇ ತಮ್ಮ ಸಂಖ್ಯೆಗಳನ್ನು ಹಾಕಿರುತ್ತಾರೆ.

ಕಟ್ ಮಾಡಲು ಒಂದು ಸಿದ್ಧ ವಾಕ್ಯ ಬಾಯಲ್ಲಿದ್ದರೆ ಸಂಕೋಚ ಕಳೆಯುತ್ತದೆ. ಸಭೆಯಲ್ಲಿ ಎಲ್ಲರಿಂದಲೂ ಅದನ್ನು ಗಟ್ಟಿಯಾಗಿ ಹೇಳಿಸಬೇಕು: ‘ನಾನು ಮನೆಯವರನ್ನ ಕೇಳಿ ನಾನೇ ಫೋನ್ ಮಾಡ್ತೀನಿ.’ ಆ ಕಡೆಯ ಉತ್ತರಕ್ಕೆ ಕಾಯದೆ ಕೆಂಪು ಗುಂಡಿ ಒತ್ತುವುದು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ‘ಇನ್‌ಸ್ಪೆಕ್ಟರ್’ ಆಗಿ ಗದರಿಸುವುದು, ಇನ್ನೊಬ್ಬರು ಈ ವಾಕ್ಯ ಹೇಳಿ ಫೋನ್ ಇಡುವುದು, ಹೀಗೆ ಎರಡು ಸಲ ಆಡಿಸಿದರೆ ನಗೆಯ ನಡುವೆ ಕೈಗೆ ರೂಢಿ ಬರುತ್ತದೆ. ವಂಚಕರು ಮತ್ತೆ ಮತ್ತೆ ಕರೆ ಮಾಡುತ್ತಾರೆಂಬುದನ್ನೂ ಹೇಳಿರಬೇಕು. ಆಗ ಫೋನ್ ಸ್ವಿಚ್ ಆಫ್ ಮಾಡಿ ಪಕ್ಕದ ಮನೆಯ ಬಾಗಿಲು ತಟ್ಟುವುದು, ಇಲ್ಲವೇ ಇಂಟರ್‌ಕಾಮ್‌ನಲ್ಲಿ ಗೇಟಿನ ಕಾವಲುಗಾರನನ್ನು ಕರೆಯುವುದು. ಡಿಜಿಟಲ್ ಅರೆಸ್ಟ್ ನಿಂತಿರುವುದೇ ಒಂಟಿತನದ ಮೇಲೆ. ಮೂರನೆಯವರೊಬ್ಬರು ಕೋಣೆಗೆ ಬಂದ ಕ್ಷಣ ಅದು ಅರ್ಧ ಮುರಿದಂತೆ. ಸಂಘಕ್ಕೆ ಇಲ್ಲೊಂದು ಕೆಲಸ ಇದೆ. ಒಂಟಿಯಾಗಿರುವ ಪ್ರತಿಯೊಬ್ಬ ಹಿರಿಯರಿಗೂ ಹಗಲು ಹೊತ್ತು ಮನೆಯಲ್ಲಿರುವ ಒಬ್ಬ ನೆರೆಯವರನ್ನು ಆ ಸಂಜೆಯೇ ಜೊತೆ ಮಾಡಿಕೊಡುವುದು.

ಎರಡನೆಯದು ಪಿನ್‌ಗೆ ಸಂಬಂಧಿಸಿದ್ದು. ‘ಪಿನ್ ಯಾರಿಗೂ ಹೇಳಬೇಡಿ’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ, ಯಾರೂ ಹೇಳುವುದೂ ಇಲ್ಲ. ಆದರೂ ಹಣ ಹೋಗುತ್ತದೆ. ವಂಚಕನಿಗೆ ಪಿನ್ ಗೊತ್ತಾಗಬೇಕಾಗಿಯೇ ಇಲ್ಲ, ಅದನ್ನು ಹಿರಿಯರ ಕೈಯಿಂದಲೇ ಒತ್ತಿಸಿದರೆ ಸಾಕು. ಆದ್ದರಿಂದ ಕಲಿಸಬೇಕಾದ ನಿಯಮ ಬೇರೆ: ಯುಪಿಐ ಪಿನ್ ಒತ್ತುವುದೆಂದರೆ ಹಣ ಕೊಡುವುದು. ಹಣ ಬರುವುದಕ್ಕೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಬೇಡ, ಓಟಿಪಿಯೂ ಬೇಡ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಬೇಕು. ಭಾಷಣಕಾರರು ಸಭೆಯಲ್ಲಿರುವ ಒಬ್ಬರಿಗೆ ಒಂದು ರೂಪಾಯಿ ಕಳಿಸಲಿ. ಪಡೆಯುವವರ ಫೋನ್ ಮೇಜಿನ ಮೇಲೇ ಇರಲಿ, ಯಾರೂ ಮುಟ್ಟುವುದು ಬೇಡ. ಹಣ ಬಂದ ಸದ್ದು ಕೇಳಿಸುತ್ತದೆ. ಆಮೇಲೆ ಅವರು ಆ ರೂಪಾಯಿಯನ್ನು ವಾಪಸ್ ಕಳಿಸಲಿ. ಆಗ ಮಾತ್ರ ಪಿನ್ ಕೇಳುವ ಪುಟ ಬರುತ್ತದೆ, ಅದರ ಮೇಲ್ಭಾಗದಲ್ಲಿ ಯಾರಿಗೆ, ಎಷ್ಟು ಎಂಬುದು ಇರುತ್ತದೆ. ಆ ಎರಡು ಸಾಲನ್ನು ಗಟ್ಟಿಯಾಗಿ ಓದಿದ ಮೇಲೆಯೇ ಪಿನ್ ಎಂಬ ರೂಢಿಯನ್ನು ಇಲ್ಲೇ ಹಾಕಬೇಕು. ಪಿನ್ ಒತ್ತುವಾಗ ಪರದೆಯನ್ನು ಸಭೆಯ ಕಡೆ ತಿರುಗಿಸಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಉತ್ಸಾಹದಲ್ಲಿ ಮರೆಯುವವರುಂಟು.

ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ ಇದು ಹೇಗೆ ತಟ್ಟುತ್ತದೆ ಎಂಬುದನ್ನು ಹೇಳಿದರೆ ನಿಯಮ ನೆನಪಿನಲ್ಲಿ ಕೂರುತ್ತದೆ. ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಚೌಕಾಸಿ ಬೇಡ ಎಂದು ಕೊಳ್ಳುವವನು ಒಪ್ಪಿಕೊಂಡು, ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಹತ್ತು ಸಾವಿರ ನಿಮ್ಮ ಖಾತೆಗೆ ಬರುತ್ತದೆ’ ಎನ್ನುತ್ತಾನೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹತ್ತು ಸಾವಿರ ಹೋಗುತ್ತದೆ. ತಪ್ಪಾಯಿತು, ವಾಪಸ್ ಕಳಿಸುತ್ತೇನೆ ಎಂದು ಇನ್ನೊಂದು ಕ್ಯೂಆರ್ ಕಳಿಸುತ್ತಾನೆ, ಮತ್ತಷ್ಟು ಹೋಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ‘ಕೇಳುವ’ ಯುಪಿಐ ಸೌಲಭ್ಯವನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದರಿಂದ ಒಂದು ಕಿಂಡಿ ಮುಚ್ಚಿದೆ. ಕ್ಯೂಆರ್‌ನ ಕಿಂಡಿ ತೆರೆದೇ ಇದೆ.

ಇದರದೇ ತಮ್ಮನೆಂಬಂಥ ಇನ್ನೊಂದು ಮೋಸದಲ್ಲಿ ‘ತಪ್ಪಿ ನಿಮಗೆ ಇಪ್ಪತ್ತು ಸಾವಿರ ಹಾಕಿಬಿಟ್ಟೆ, ಆಸ್ಪತ್ರೆ ಖರ್ಚಿನ ಹಣ, ದಯವಿಟ್ಟು ವಾಪಸ್ ಹಾಕಿ’ ಎಂದು ಅಳುವವರು ಬರುತ್ತಾರೆ. ಹಣ ಜಮೆಯಾಗಿದೆ ಎಂಬ ಮೆಸೇಜೂ ಬಂದಿರುತ್ತದೆ, ಆದರೆ ಆ ಮೆಸೇಜನ್ನು ಅವರೇ ಕಳಿಸಿರುತ್ತಾರೆ. ಹಣ ಬಂತೋ ಇಲ್ಲವೋ ಎಂಬುದನ್ನು ಮೆಸೇಜಿನಲ್ಲಿ ನೋಡದೆ ಬ್ಯಾಂಕಿನ ಆ್ಯಪ್ ತೆರೆದು ಬಾಕಿಯಲ್ಲಿ ನೋಡಬೇಕು. ನಿಜಕ್ಕೂ ಬಂದಿದ್ದರೂ ತಾವಾಗಿ ಕಳಿಸದೆ ಬ್ಯಾಂಕಿಗೆ ತಿಳಿಸುವುದೇ ಸರಿ.

ಮೂರನೆಯ ಅಭ್ಯಾಸ, ಯಾರೋ ಹೇಳಿದರೆಂದು ಫೋನಿಗೆ ಏನನ್ನೂ ಹಾಕಿಕೊಳ್ಳದಿರುವುದು. ಬೆಂಗಳೂರಿನವರಿಗೆ ಪರಿಚಿತವಾದ ಬೆಸ್ಕಾಂ ಹೆಸರಿನ ಮೆಸೇಜ್ ಇದಕ್ಕೆ ಒಳ್ಳೆಯ ಉದಾಹರಣೆ. ಹೋದ ತಿಂಗಳ ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ಕರೆಂಟ್ ತೆಗೆಯುತ್ತೇವೆ, ಈ ಸಂಖ್ಯೆಗೆ ಕರೆ ಮಾಡಿ ಎಂದು ಅದರಲ್ಲಿರುತ್ತದೆ. ಕರೆ ಮಾಡಿದರೆ ‘ಅಧಿಕಾರಿ’ ಒಂದು ಆ್ಯಪ್ ಹಾಕಿಸಿ, ಹತ್ತು ರೂಪಾಯಿ ಕಟ್ಟಿ ಪರೀಕ್ಷೆ ಮಾಡಿ ಎನ್ನುತ್ತಾನೆ. ಆ ಆ್ಯಪ್ ಸ್ಕ್ರೀನ್ ಹಂಚಿಕೊಳ್ಳುವಂಥದ್ದು. ಅದರ ಕೆಲಸ ತಪ್ಪೇನಲ್ಲ, ದೂರದಲ್ಲಿರುವ ಕಂಪ್ಯೂಟರ್ ರಿಪೇರಿಗೆ ಬಳಸುವವರಿದ್ದಾರೆ. ಆದರೆ ಅದು ಚಾಲೂ ಇದ್ದಾಗ ಫೋನಿನಲ್ಲಿ ಕಾಣುವುದೆಲ್ಲ ಆ ಕಡೆಯವನಿಗೂ ಕಾಣಬಹುದು, ಓಟಿಪಿ ಕೂಡ. ವಾಟ್ಸ್‌ಆ್ಯಪ್ ವಿಡಿಯೋ ಕರೆಯಲ್ಲಿಯೇ ಸ್ಕ್ರೀನ್ ಹಂಚುವ ಗುಂಡಿ ಇರುವುದರಿಂದ ಈಗೀಗ ಬೇರೆ ಆ್ಯಪ್ ಹಾಕಿಸುವ ಅಗತ್ಯವೂ ವಂಚಕರಿಗಿಲ್ಲ.

ಇನ್ನೊಂದು ರೂಪ ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೈಲ್. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕಿನ ಕೆವೈಸಿ, ಹೆಸರು ಏನೇ ಇರಲಿ, ಕೊನೆಯಲ್ಲಿ `.apk` ಎಂದಿದ್ದರೆ ಅದು ಚಿತ್ರವೂ ಅಲ್ಲ, ಕಾಗದವೂ ಅಲ್ಲ, ಆಂಡ್ರಾಯ್ಡ್ ಫೋನಿಗೆ ಹಾಕುವ ಆ್ಯಪ್. ಅದನ್ನು ತೆರೆದು, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ಬರುವ ಮೆಸೇಜುಗಳನ್ನು ಅದು ಸದ್ದಿಲ್ಲದೆ ಬೇರೆಡೆಗೆ ಕಳಿಸುತ್ತಿರುತ್ತದೆ. ಕಳಿಸಿದವರು ಗೊತ್ತಿರುವವರೇ ಆಗಿರಬಹುದು. ಅವರ ಫೋನ್ ಮೊದಲೇ ಹಾಳಾಗಿ, ಅವರ ಹೆಸರಿನಲ್ಲಿ ಎಲ್ಲರಿಗೂ ಹೋಗಿರುತ್ತದೆ. ಮದುವೆ ಯಾರದು ಎಂದು ಆ ಮನೆಗೆ ಫೋನ್ ಮಾಡಿ ಕೇಳುವುದೇ ಇದಕ್ಕೆ ಮದ್ದು.

ಇಲ್ಲಿ ಮಾತಿನ ಜೊತೆ ಕೈಕೆಲಸವೂ ಇದೆ. ಫೋನಿನ ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ `unknown` ಎಂದು ಬರೆದರೆ `Install unknown apps` ಎಂಬ ಸಾಲು ಸಾಮಾನ್ಯವಾಗಿ ಸಿಗುತ್ತದೆ. ಅದರೊಳಗೆ ವಾಟ್ಸ್‌ಆ್ಯಪ್, ಕ್ರೋಮ್ ಇತ್ಯಾದಿ ಎಲ್ಲದರ ಎದುರೂ ಆಫ್ ಇರಬೇಕು. ಸಂಘದ ಯುವಕರು ಸಾಲಿನ ನಡುವೆ ಓಡಾಡುತ್ತ ಇದನ್ನು ಮಾಡಿಸಬಹುದು. ಅವರಿಗೆ ಒಂದೇ ಶರತ್ತು, ಫೋನ್ ಹಿರಿಯರ ಕೈಯಲ್ಲೇ ಇರಬೇಕು, ಒತ್ತುವುದೂ ಅವರೇ. ‘ಕೊಡಿ ಅಂಕಲ್, ನಾನೇ ಮಾಡ್ಕೊಡ್ತೀನಿ’ ಎಂದು ಕಸಿದುಕೊಂಡರೆ ಅಪರಿಚಿತರಿಗೆ ಫೋನ್ ಒಪ್ಪಿಸುವ ಪಾಠವನ್ನೇ ಕಲಿಸಿದಂತಾಗುತ್ತದೆ.

ಈಗಾಗಲೇ ಅಂಥದ್ದೊಂದನ್ನು ಹಾಕಿಕೊಂಡವರು ಸಭೆಯಲ್ಲಿರುವ ಸಾಧ್ಯತೆ ಇದೆ. ಹಾಕಿದ ಆ್ಯಪಿನ ಗುರುತು ಪರದೆಯಿಂದ ಮಾಯವಾಗಿರುವುದು, ಬರಬೇಕಾದ ಓಟಿಪಿ ಬಾರದಿರುವುದು, ತಾವು ಕಳಿಸದ ಮೆಸೇಜಿಗೆ ಬಂಧುಗಳು ಉತ್ತರಿಸುವುದು ಇದರ ಲಕ್ಷಣಗಳು. ಮೊದಲು ಏರೋಪ್ಲೇನ್ ಮೋಡ್ ಹಾಕಿ ಫೋನನ್ನು ಹೊರಜಗತ್ತಿನಿಂದ ಬೇರ್ಪಡಿಸಬೇಕು, ವೈಫೈ ಕೂಡ ಆಫ್ ಆಗಿದೆಯೇ ಎಂದು ನೋಡಬೇಕು. ಆಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ಆನ್‌ಲೈನ್ ವ್ಯವಹಾರ ನಿಲ್ಲಿಸಬೇಕು. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸುವುದು ಮೂರನೆಯ ಹೆಜ್ಜೆ. ಫೋಟೋ ಹೋಗುತ್ತವೆ ಎಂಬ ಅಳುಕಿನಿಂದ ಅದನ್ನೇ ಮುಂದೂಡುವವರು ಹೆಚ್ಚು.

ನಾಲ್ಕನೆಯದನ್ನು ಬೇಗ ಹೇಳಿ ಮುಗಿಸಬಹುದು. ಫೋನಿಗೆ ಜೋಡಿಸಿದ ಖಾತೆಯಲ್ಲಿ ಒಂದು ತಿಂಗಳ ಖರ್ಚಿನಷ್ಟೇ ಹಣ ಇರಬೇಕು. ಪಿಂಚಣಿ ಬರುವ ಖಾತೆ, ಠೇವಣಿಗಳಿರುವ ಖಾತೆ ಯುಪಿಐಗೆ ಸೇರಿರಬಾರದು. ಹಾಲು, ತರಕಾರಿ, ಔಷಧಿ ಅಂಗಡಿಗೆಲ್ಲ ಇನ್ನೊಂದು ಚಿಕ್ಕ ಖಾತೆ ಸಾಕು. ಇದರ ಜೊತೆಗೆ ಬ್ಯಾಂಕಿನ ಆ್ಯಪಿನಲ್ಲೋ ಶಾಖೆಯಲ್ಲೋ ದಿನದ ಮಿತಿಯನ್ನು ಇಳಿಸಿಕೊಳ್ಳಬಹುದು. ಅಪ್ಪ ಅಮ್ಮ ಪಿನ್ ಮರೆಯುತ್ತಾರೆಂದು ಮಕ್ಕಳೇ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ‘ಎಟಿಎಂ’ ಎಂಬ ಹೆಸರಿನಲ್ಲಿ ಪಿನ್ ಬರೆದಿಟ್ಟಿರುವುದುಂಟು. ಅದನ್ನು ಅಂದೇ ಅಳಿಸಬೇಕು. ಸಿಮ್‌ಗೂ ಪಿನ್ ಹಾಕುವ ಸೌಲಭ್ಯ ಇದೆ, ಆದರೆ ಮೂರು ಸಲ ತಪ್ಪಿದರೆ ಸಿಮ್ ಬೀಗ ಬೀಳುತ್ತದೆ. ಐವತ್ತು ಜನರ ಸಭೆಯಲ್ಲಿ ಅದನ್ನು ಮಾಡಿಸಹೊರಟರೆ ಭಾಷಣ ಅಲ್ಲಿಗೇ ನಿಂತೀತು.

ಐದನೆಯದು ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡುವುದು. ಸೈಬರ್ ಹಣಕಾಸು ವಂಚನೆಗೆಂದು ಕೇಂದ್ರ ಗೃಹ ಸಚಿವಾಲಯ ನಡೆಸುವ ಈ ಸಹಾಯವಾಣಿ 2021ರಲ್ಲಿ 155260 ಎಂಬ ಸಂಖ್ಯೆಯಲ್ಲಿ ಶುರುವಾಗಿ ಆಮೇಲೆ 1930 ಆಯಿತು. ಅವಸರ ಏಕೆಂದು ವಿವರಿಸಿದರೆ ಜನ ಮಾಡುತ್ತಾರೆ. ಕದ್ದ ಹಣ ಒಂದು ಖಾತೆಯಲ್ಲಿ ಕೂರುವುದಿಲ್ಲ. ಬಾಡಿಗೆಗೆ ಪಡೆದ ಬೇರೆಯವರ ಖಾತೆಗಳಿಗೆ ಹಂಚಿಹೋಗಿ, ಅಲ್ಲಿಂದ ಮತ್ತೆ ಹಂಚಿ, ಕೊನೆಗೆ ಎಟಿಎಂನಿಂದ ನಗದಾಗಿ ಹೊರಬರುತ್ತದೆ. 1930ರಲ್ಲಿ ದೂರು ದಾಖಲಾದರೆ ಆ ಸರಪಣಿಯ ಬ್ಯಾಂಕುಗಳಿಗೆ ಸೂಚನೆ ಹೋಗಿ, ಎಲ್ಲಿ ಇನ್ನೂ ಹಣ ಉಳಿದಿದೆಯೋ ಅಲ್ಲಿ ಅದನ್ನು ತಡೆಹಿಡಿಯುತ್ತಾರೆ. ನಗದಾದ ಮೇಲೆ ತಡೆಯಲು ಏನೂ ಇರುವುದಿಲ್ಲ. ಮೊದಲ ಒಂದು ಗಂಟೆಗೆ ಅಷ್ಟು ಬೆಲೆ ಇರುವುದು ಇದಕ್ಕೇ.

ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಹೋದ ಮೊತ್ತ, ಹೋದ ಸಮಯ, ವ್ಯವಹಾರದ ಸಂಖ್ಯೆ ಬೇಕಾಗುತ್ತವೆ. ಯುಪಿಐನಲ್ಲಿ ವ್ಯವಹಾರದ ಸಂಖ್ಯೆ 12 ಅಂಕಿಯದು, ಆ್ಯಪಿನ ಇತಿಹಾಸ ಪುಟದಲ್ಲಿ ಆ ಪಾವತಿಯನ್ನು ಒತ್ತಿದರೆ ಸಿಗುತ್ತದೆ. ಅದನ್ನು ಎಲ್ಲಿ ಹುಡುಕಬೇಕೆಂದು ಮುಂಚೆ ಕಳಿಸಿದ ಒಂದು ರೂಪಾಯಿಯ ಪಾವತಿಯಲ್ಲೇ ತೋರಿಸಬಹುದು. ಲೈನ್ ಸಿಗದಿದ್ದರೆ `cybercrime.gov.in` ತಾಣದಲ್ಲಿ ದೂರು ಕೊಡಬಹುದು. ಬ್ಯಾಂಕಿಗೂ ಅದೇ ದಿನ ತಿಳಿಸಬೇಕು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮೆಸೇಜುಗಳನ್ನೂ ಕರೆಯ ಪಟ್ಟಿಯನ್ನೂ ನಾಚಿಕೆಯಿಂದ ಅಳಿಸಿಹಾಕಬಾರದು, ಪೊಲೀಸರಿಗೆ ಅವೇ ಪುರಾವೆ.

ಎಷ್ಟು ವಾಪಸ್ ಸಿಗುತ್ತದೆ ಎಂಬ ಪ್ರಶ್ನೆಗೆ ಸುಳ್ಳು ಭರವಸೆ ಕೊಡಬಾರದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕರ ಮೇಲೆ ಬರುವುದಿಲ್ಲ. ಓಟಿಪಿ, ಪಿನ್ ತಾವೇ ಹೇಳಿಬಿಟ್ಟಂಥ ಅಜಾಗರೂಕತೆಯಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ ಆಗುತ್ತದೆ, ತಿಳಿಸಿದ ಮೇಲೆ ಹೋದದ್ದಕ್ಕೆ ಬ್ಯಾಂಕ್ ಹೊಣೆ. ಹೇಗೆ ನೋಡಿದರೂ ಬೇಗ ತಿಳಿಸಿದವರಿಗೆ ಲಾಭ.

ಬೇಗ ತಿಳಿಸುವುದಕ್ಕೆ ಅಡ್ಡ ಬರುವುದು ಸಹಾಯವಾಣಿಯ ಸಂಖ್ಯೆ ಗೊತ್ತಿಲ್ಲದಿರುವುದಕ್ಕಿಂತ ಮಕ್ಕಳ ಹೆದರಿಕೆ. ‘ಇಷ್ಟು ಓದಿದೋರು ಹೇಗಪ್ಪಾ ಮೋಸ ಹೋದ್ರಿ’ ಎಂಬ ಒಂದು ಮಾತು, ಇನ್ನು ಫೋನ್ ಮುಟ್ಟಬೇಡಿ ಎಂಬ ಅಪ್ಪಣೆ ನೆನೆದು ಎಷ್ಟೋ ಹಿರಿಯರು ವಾರಗಟ್ಟಲೆ ಬಾಯಿ ಬಿಡುವುದಿಲ್ಲ. ಆದ್ದರಿಂದ ಭಾಷಣದ ಈ ಭಾಗವನ್ನು ಹಿಂದಿನ ಸಾಲಿನಲ್ಲಿ ಕೂತ ಮಕ್ಕಳು, ಸೊಸೆಯಂದಿರನ್ನು ನೋಡಿ ಹೇಳಬೇಕು: ‘ಅಪ್ಪ ಬಂದು ಹಣ ಹೋಯ್ತು ಅಂದರೆ ಮೊದಲು 1930 ಒತ್ತಿ. ಕೇಳೋ ಪ್ರಶ್ನೆಯೆಲ್ಲ ಆಮೇಲೆ.’

ಹಣ ಕಳೆದುಕೊಂಡವರಿಗೆ ಕೆಲವು ವಾರಗಳ ನಂತರ ಇನ್ನೊಂದು ಕರೆ ಬರುವುದುಂಟು. ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಿಕೊಡುತ್ತೇವೆ, ಶುಲ್ಕ ಇಷ್ಟು ಎಂದು ವಕೀಲನೋ ಸೈಬರ್ ಅಧಿಕಾರಿಯೋ ಮಾತನಾಡುತ್ತಾನೆ. ಪ್ರಕರಣದ ವಿವರವೂ ಅವನಿಗೆ ಸರಿಯಾಗಿ ಗೊತ್ತಿರುತ್ತದೆ, ಏಕೆಂದರೆ ಮೋಸಕ್ಕೆ ಬಿದ್ದವರ ಪಟ್ಟಿಗಳು ವಂಚಕರ ನಡುವೆ ಕೈ ಬದಲಾಗುತ್ತಿರುತ್ತವೆ. 1930ರಲ್ಲಿ ದೂರು ಕೊಡಲು ಶುಲ್ಕವಿಲ್ಲ, ತಡೆಹಿಡಿದ ಹಣವನ್ನು ಬಿಡಿಸಲು ಫೋನಿನಲ್ಲಿ ಯಾರೂ ಮುಂಗಡ ಕೇಳುವುದಿಲ್ಲ. ಆ ಕರೆಗೂ ಮೊದಲ ಅಭ್ಯಾಸದ ಉತ್ತರವೇ ಸಲ್ಲುತ್ತದೆ. ವಿಚಾರಣೆ ಎಲ್ಲಿಗೆ ಬಂತೆಂದು ತಿಳಿಯಬೇಕಿದ್ದರೆ ದೂರಿನ ಸಂಖ್ಯೆ ಹಿಡಿದು ಠಾಣೆಗೆ ಹೋಗಿ ಕೇಳಬೇಕು.